ಆರುವ ನೀರು, ಬೆವರುವ ಪೈಪು

ಹಿಂದೂಪುರದ ಕಡೆಯಿಂದ ಪದೇ ಪದೇ ಬರುವ ಪ್ರಶ್ನೆಗಳಲ್ಲಿ ಎರಡು ಸದಾ ಜೊತೆಜೊತೆಯಾಗಿಯೇ ಇರುತ್ತವೆ. ಮನೆಯ ಮೇಲೆ ಸೋಲಾರ್ ಇದೆ, ಆದರೂ ಬೆಳಿಗ್ಗೆ ಬಚ್ಚಲಿನ ನಲ್ಲಿ ತಿರುಗಿಸಿದರೆ ಅರ್ಧ ಬಕೆಟ್ ತಣ್ಣೀರು ಹೋದ ಮೇಲೆಯೇ ಬಿಸಿನೀರು ಬರುತ್ತದೆ, ಪೈಪಿಗೆ ಎಷ್ಟು ದಪ್ಪದ ಹೊದಿಕೆ ಸುತ್ತಿಸಬೇಕು ಎಂಬುದು ಒಂದು. ಫಾಲ್ಸ್ ಸೀಲಿಂಗಿನಿಂದ ನೀರು ತೊಟ್ಟಿಕ್ಕುತ್ತಿದೆ, ಎಸಿ ಪೈಪಿಗೆ ಏನು ಹಾಕಬೇಕು ಎಂಬುದು ಇನ್ನೊಂದು. ಇದನ್ನು ಹೆಚ್ಚಾಗಿ ಕೇಳುವವರು ಕಲ್ಯಾಣದುರ್ಗದಂಥ ಊರುಗಳಲ್ಲಿ ಹೊಸದಾಗಿ ಎಸಿ ಹಾಕಿಸಿದ ಕ್ಲಿನಿಕ್ಕು, ಬಟ್ಟೆ ಅಂಗಡಿಯವರು. ಅಂಗಡಿಗೆ ಹೋದರೆ ಎರಡಕ್ಕೂ ಒಂದೇ ಉತ್ತರ ಸಿಗುತ್ತದೆ: ಕಪ್ಪು ನೈಟ್ರೈಲ್ ರಬ್ಬರ್ ಕೊಳವೆ, 9 ಮಿ.ಮೀ. ಅಥವಾ 13 ಮಿ.ಮೀ., ಮೇಲೊಂದು ಸುತ್ತು ಟೇಪು. ವಸ್ತು ತಪ್ಪಲ್ಲ. ಆದರೆ ಬಿಸಿನೀರಿನ ಪೈಪಿನ ಮೇಲೆ ಆ ರಬ್ಬರ್ ಮಾಡುವ ಕೆಲಸವೇ ಬೇರೆ, ತಣ್ಣನೆಯ ಪೈಪಿನ ಮೇಲೆ ಮಾಡುವ ಕೆಲಸವೇ ಬೇರೆ. ಇದನ್ನು ಬಿಡಿಸಿಕೊಳ್ಳದೆ ದಪ್ಪದ ಮಾತಿಗೆ ಇಳಿದರೆ ದುಡ್ಡು ತಪ್ಪು ಕಡೆ ಹೋಗುತ್ತದೆ.

ಬಿಸಿ ಪೈಪಿನ ಹೊದಿಕೆ ಶಾಖ ಹೊರಗೆ ಹೋಗುವುದನ್ನು ನಿಧಾನ ಮಾಡುತ್ತದೆ, ಅಷ್ಟೇ. ಅದರಲ್ಲಿ ಒಂದು ಗೇಣು ತೆರೆದೇ ಉಳಿದರೆ ಆ ಗೇಣಿನಷ್ಟು ಶಾಖ ನಷ್ಟ, ಉಳಿದ ಭಾಗಕ್ಕೆ ಏನೂ ಆಗದು. ತಣ್ಣನೆಯ ಪೈಪಿನ ಹೊದಿಕೆ ಮಾಡಬೇಕಾದ ಮುಖ್ಯ ಕೆಲಸ ಹೊರಗಿನ ತೇವದ ಗಾಳಿ ಪೈಪನ್ನು ಮುಟ್ಟದಂತೆ ತಡೆಯುವುದು. ಅಲ್ಲಿ ಬೆರಳು ತೂರುವಷ್ಟು ಸಂದು ಉಳಿದರೂ ಆ ಸಂದಿನಿಂದ ಒಳಹೊಕ್ಕ ತೇವ ಒಳಗೊಳಗೇ ಹರಡಿ ಮೀಟರುಗಟ್ಟಲೆ ಹೊದಿಕೆಯನ್ನು ಕೆಡಿಸುತ್ತದೆ. ಹಾಗಾಗಿ ಬಿಸಿ ಪೈಪಿನಲ್ಲಿ ದಪ್ಪ ಲಾಭ ನಷ್ಟದ ಲೆಕ್ಕ. ತಣ್ಣನೆಯ ಪೈಪಿನಲ್ಲಿ ದಪ್ಪಕ್ಕೆ ಒಂದು ಗೆರೆ ಇದೆ, ಅದನ್ನು ದಾಟಿದಿರೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ, ದಾಟಿದ ಮೇಲೆ ಉಳಿಯುವುದು ಬಿಗಿಯ ಮಾತು.

ಬಿಸಿನೀರನ್ನೇ ಮೊದಲು ನೋಡೋಣ. ಹಿಂದೂಪುರದಲ್ಲಿ ಎರಡು ಅಂತಸ್ತಿನ ಒಂದು ಮನೆ, ತಾರಸಿಯ ಮೇಲೆ ಸೋಲಾರ್ ಟ್ಯಾಂಕ್, ಅಲ್ಲಿಂದ ನೆಲಮಹಡಿಯ ಬಚ್ಚಲಿಗೆ 15 ಮೀಟರ್ ಮುಕ್ಕಾಲು ಇಂಚಿನ ಸಿಪಿವಿಸಿ ಪೈಪು ಎಂದಿಟ್ಟುಕೊಳ್ಳಿ. ನೀರು 60 ಡಿಗ್ರಿ, ಡಿಸೆಂಬರಿನ ನಸುಕಿನ ಗಾಳಿ 15 ಡಿಗ್ರಿ. ಬರಿ ಪೈಪು ಗಾಳಿಯಾಡದ ಕಡೆ ಮೀಟರಿಗೆ ಸುಮಾರು 27 ವ್ಯಾಟ್ ಶಾಖ ಬಿಡುತ್ತದೆ. ತಾರಸಿಯ ಗಾಳಿಗೆ ಒಡ್ಡಿದ ಕಡೆ ಅದು 45 ವ್ಯಾಟ್ ದಾಟುತ್ತದೆ. ಕೇಳಲು ದೊಡ್ಡದು. ಆದರೆ ನಿಮಿಷಕ್ಕೆ 8 ಲೀಟರಿನಂತೆ ನೀರು ಹರಿಯುತ್ತಿರುವಾಗ ಇಡೀ 15 ಮೀಟರ್ ದಾಟಿ ಬರುವಷ್ಟರಲ್ಲಿ ನೀರು ಕಳೆದುಕೊಳ್ಳುವುದು ಒಂದು, ಒಂದೂವರೆ ಡಿಗ್ರಿ ಮಾತ್ರ. ಅಂದರೆ ನಲ್ಲಿ ಬಿಟ್ಟಿರುವಾಗ ಹೊದಿಕೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನಷ್ಟವೆಲ್ಲ ನಲ್ಲಿ ನಿಲ್ಲಿಸಿದ ಮೇಲೆ, ಪೈಪಿನೊಳಗೆ ನಿಂತ ನೀರಿನಲ್ಲಿ. ಮೇಲಿನಿಂದ ಬಂದ ನೀರು ದಾರಿಯಲ್ಲಿ ಆರಿತು ಎಂದು ನಾವು ಭಾವಿಸುವುದು ಹೆಚ್ಚಿನಂಶ ಹಿಂದಿನ ಸಲ ಪೈಪಿನಲ್ಲಿ ಉಳಿದು ಆರಿದ ನೀರು.

ನಿಂತ ನೀರು ಎಷ್ಟು ಹೊತ್ತಿಗೆ ಆರುತ್ತದೆ? ಸ್ನಾನಕ್ಕೆ ಆಗುವ ಕೊನೆಯ ಹಂತ 40 ಡಿಗ್ರಿ ಎಂದು ಹಿಡಿದರೆ, ಬರಿ ಪೈಪಿನಲ್ಲಿ 60 ಡಿಗ್ರಿಯ ನೀರು ಅಲ್ಲಿಗೆ ಇಳಿಯಲು ಹನ್ನೆರಡರಿಂದ ಇಪ್ಪತ್ತು ನಿಮಿಷ ಸಾಕು. 13 ಮಿ.ಮೀ. ನೈಟ್ರೈಲ್ ಹಾಕಿದರೆ ಮುಕ್ಕಾಲು ಗಂಟೆಗೆ ತುಸು ಮೇಲೆ. 19 ಮಿ.ಮೀ. ಹಾಕಿದರೆ ಸುಮಾರು ಒಂದು ಗಂಟೆ. ಇಲ್ಲಿಯೇ ಇಡೀ ಗುಟ್ಟಿದೆ. ಹಿಂದಿನ ಸಂಜೆ ಪೈಪಿನಲ್ಲಿ ನಿಂತ ನೀರು ಬೆಳಗಿನ ಆರು ಗಂಟೆಗೆ ಬಿಸಿಯಾಗಿರುವಂತೆ ಮಾಡುವ ಹೊದಿಕೆ ಮನೆ ಪೈಪಿಗೆ ಇಲ್ಲವೇ ಇಲ್ಲ. ಮೊದಲು ಸ್ನಾನಕ್ಕೆ ಹೋಗುವವರ ಪಾಲಿಗೆ 13 ಮಿ.ಮೀ. ಆದರೇನು, 25 ಮಿ.ಮೀ. ಆದರೇನು, ತಣ್ಣೀರು ಹೋಗಲೇಬೇಕು. ಹೊದಿಕೆಯ ಪ್ರಯೋಜನ ಎರಡನೆಯವರಿಂದ ಶುರುವಾಗುತ್ತದೆ. ನಾಲ್ವರು ಅರ್ಧರ್ಧ ಗಂಟೆ ಬಿಟ್ಟು ಸ್ನಾನ ಮಾಡುವ ಮನೆಯಲ್ಲಿ ಬರಿ ಪೈಪಾದರೆ ನಾಲ್ಕು ಸಲವೂ ಪೈಪು ಖಾಲಿ ಮಾಡಬೇಕು. 13 ಮಿ.ಮೀ. ಹೊದಿಕೆ ಇದ್ದರೆ ಅರ್ಧ ಗಂಟೆಯ ನಂತರವೂ ಪೈಪಿನ ನೀರು 45 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಹಾಗಾಗಿ ಒಂದೇ ಸಲ ಸಾಕು.

ಹಾಗಾದರೆ ಮೊದಲ ಬಕೆಟ್ಟಿನ ತಣ್ಣೀರಿಗೆ ಮದ್ದೇನು? ಪೈಪಿನ ಉದ್ದ ಮತ್ತು ಅಗಲ. 15 ಮೀಟರ್ ಉದ್ದದ ಒಂದು ಇಂಚಿನ ಸಿಪಿವಿಸಿ ಪೈಪಿನೊಳಗೆ ಆರೂವರೆ ಲೀಟರ್ ನೀರು ನಿಲ್ಲುತ್ತದೆ, ಮುಕ್ಕಾಲು ಇಂಚಿನದರಲ್ಲಿ ಸುಮಾರು ನಾಲ್ಕು ಲೀಟರ್, ಅರ್ಧ ಇಂಚಿನದರಲ್ಲಿ ಎರಡಕ್ಕಿಂತ ಕಡಿಮೆ. ‘ದೊಡ್ಡ ಪೈಪು ಹಾಕಿಸಿದರೆ ನೀರು ಜೋರಾಗಿ ಬರುತ್ತದೆ’ ಎಂದು ಒಂದು ಇಂಚು ಎಳೆಸಿಕೊಂಡವರೇ ಅರ್ಧ ಬಕೆಟ್ ಚೆಲ್ಲುತ್ತಿರುವವರು. ನೆಲಮಹಡಿಯ ಬಚ್ಚಲಿಗೆ ತಾರಸಿಯಿಂದ ಬೀಳುವ ಎತ್ತರವೇ ಒತ್ತಡ ಕೊಡುವುದರಿಂದ ಬಕೆಟ್ ತುಂಬಲು ಮುಕ್ಕಾಲು ಇಂಚು ಧಾರಾಳ, ಕವಲುಗಳಿಗೆ ಅರ್ಧ ಇಂಚು ಸಾಕು. ತಾರಸಿಗೆ ತಾಗಿದ ಮೇಲ್ಮಹಡಿಯಲ್ಲಿ ಶವರ್ ಇದ್ದರೆ ಮಾತ್ರ ಅಗಲ ಕಡಿಮೆ ಮಾಡಬೇಡಿ, ಅಲ್ಲಿ ಎತ್ತರ ಕಡಿಮೆ, ಪೈಪೂ ಗಿಡ್ಡ. ಅನಂತಪುರದ ಸೀಮೆಯಲ್ಲಿ ಈ ಲೆಕ್ಕಕ್ಕೆ ಕರೆಂಟಿಗಿಂತ ನೀರಿನ ತೂಕವೇ ಹೆಚ್ಚು. ಸೋಲಾರ್ ಶಾಖ ಪುಕ್ಕಟೆ ಎನ್ನಬಹುದು, ಆದರೆ ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ ಬೀಳುವ ನಾಡಿನಲ್ಲಿ, ಟ್ಯಾಂಕರ್ ತರಿಸಿಕೊಳ್ಳುವ ಬೀದಿಯಲ್ಲಿ, ದಿನಕ್ಕೆ ಒಂದು ಬಕೆಟ್ ನೀರನ್ನು ಮೋರಿಗೆ ಬಿಡುವುದು ಪುಕ್ಕಟೆಯಲ್ಲ.

ಸಿಪಿವಿಸಿ ಪ್ಲಾಸ್ಟಿಕ್ ತಾನೇ, ಕಬ್ಬಿಣದಂತೆ ಶಾಖ ಬಿಡುವುದಿಲ್ಲ, ಹೊದಿಕೆ ಯಾಕೆ ಎಂಬ ವಾದವೊಂದಿದೆ. ಅರ್ಧ ಸತ್ಯ. ಪೈಪಿನ ಗೋಡೆ ಇರುವುದೇ ಎರಡು ಮಿ.ಮೀ., ಅಷ್ಟರಿಂದ ತಗ್ಗುವ ನಷ್ಟ ಗಾಳಿಯಿಲ್ಲದ ಕಡೆ ಏಳರಲ್ಲಿ ಒಂದು ಪಾಲಿನಷ್ಟು, ಗಾಳಿ ಬೀಸುವ ಕಡೆ ಕಾಲು ಪಾಲಿನ ಹತ್ತಿರ. ಗೋಡೆಯೊಳಗೆ ಹುದುಗಿಸಿದ ಪೈಪಿಗೆ ಗಾರೆಯೇ ಹೊದಿಕೆ ಎಂಬುದು ಇನ್ನೊಂದು ವಾದ, ಇದು ಪೂರ್ತಿ ತಪ್ಪು. ಸಿಮೆಂಟ್ ಗಾರೆ ನೈಟ್ರೈಲ್ ರಬ್ಬರಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಶಾಖ ದಾಟಿಸುತ್ತದೆ, ನೀರಿನ ಬಿಸಿಯನ್ನೆಲ್ಲ ಗೋಡೆ ಹೀರಿಕೊಳ್ಳುತ್ತದೆ. ಆದರೆ ಇಲ್ಲಿ ಗೋಡೆಯ ಮಿತಿಯನ್ನೂ ಒಪ್ಪಬೇಕು. ನಾಲ್ಕು ಇಂಚಿನ ಇಟ್ಟಿಗೆ ಗೋಡೆಯಲ್ಲಿ 13 ಮಿ.ಮೀ. ಹೊದಿಕೆಯ ಪೈಪಿಗೆ ಗಾಡಿ ಕೊರೆದರೆ ಗೋಡೆ ಅರ್ಧ ಹೋಗುತ್ತದೆ. ಅಲ್ಲಿ 6 ಅಥವಾ 9 ಮಿ.ಮೀ. ಕೊಳವೆಯೇ ಸರಿ. ಅದರಿಂದ ಇನ್ನೊಂದು ಉಪಕಾರವೂ ಇದೆ: 10 ಮೀಟರ್ ಸಿಪಿವಿಸಿ 40 ಡಿಗ್ರಿ ಬಿಸಿಯಾದರೆ ಎರಡೂವರೆ ಸೆಂ.ಮೀ. ಹಿಗ್ಗುತ್ತದೆ, ಮೆತ್ತನೆಯ ತೋಳಿನೊಳಗಿದ್ದರೆ ಅದಕ್ಕೆ ಆಡಲು ಜಾಗ ಸಿಗುತ್ತದೆ, ಎಲ್ಬೋ ಹತ್ತಿರ ಗಾರೆ ಬಿರುಕು ಬಿಡುವುದಿಲ್ಲ. ಇನ್ನು ಬಚ್ಚಲಿನೊಳಗೇ ಗೀಸರ್ ಇದ್ದು ಪೈಪು ಎರಡು ಮೀಟರ್ ಮಾತ್ರ ಎಂದಾದರೆ ಹೊದಿಕೆಯ ಗೊಡವೆಯೇ ಬೇಡ.

ದಪ್ಪದ ಲೆಕ್ಕ ನಿಜವಾಗಿ ಬೇಕಾಗುವುದು ಲಾಡ್ಜು, ಹಾಸ್ಟೆಲು, ಆಸ್ಪತ್ರೆಗಳಲ್ಲಿ. ಅಲ್ಲಿ ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಬರಲೆಂದು ಸಣ್ಣ ಪಂಪಿಟ್ಟು ನೀರನ್ನು ದಿನವಿಡೀ ಪೈಪಿನಲ್ಲಿ ಸುತ್ತಿಸುತ್ತಿರುತ್ತಾರೆ. ಹೀಗಾಗಿ ಪೈಪು ಇಪ್ಪತ್ನಾಲ್ಕು ಗಂಟೆಯೂ ಬಿಸಿ. 60 ಮೀಟರ್ ಸುತ್ತು, ನೀರು 60 ಡಿಗ್ರಿ, ಸುತ್ತಲ ಗಾಳಿ ಸರಾಸರಿ 25 ಡಿಗ್ರಿ ಎಂದು ಹಿಡಿಯಿರಿ. ಬರಿ ಪೈಪು ದಿನಕ್ಕೆ ಸುಮಾರು 30 ಯೂನಿಟ್ ಕರೆಂಟಿನಷ್ಟು ಶಾಖವನ್ನು ಗಾಳಿಗೆ ಬಿಡುತ್ತದೆ. 13 ಮಿ.ಮೀ. ಹೊದಿಕೆಗೆ ಅದು 12ಕ್ಕೆ ಇಳಿಯುತ್ತದೆ, 19ಕ್ಕೆ 10, 25ಕ್ಕೆ 9. ಮೊದಲ 13 ಮಿ.ಮೀ. ದಿನಕ್ಕೆ 18 ಯೂನಿಟ್ ಉಳಿಸಿತು, ಅದರ ಮೇಲಿನ 12 ಮಿ.ಮೀ. ಉಳಿಸಿದ್ದು ಮೂರು. ದಿನವಿಡೀ ಬಿಸಿಯಿರುವ ಪೈಪಿಗೆ 19 ಮಿ.ಮೀ. ವರ್ಷದೊಳಗೆ ಸಾರ್ಥಕವಾಗಬಹುದು. ಬೆಳಿಗ್ಗೆ ಎರಡು ಗಂಟೆ ಬಳಸುವ ಮನೆಗೆ 13 ಸಾಕು, ಅದಕ್ಕಿಂತ ಮೇಲೆ ಹೋಗುವ ದುಡ್ಡನ್ನು ಎಲ್ಬೋ, ಟೀ, ವಾಲ್ವುಗಳನ್ನು ಬಿಡದೆ ಮುಚ್ಚಿಸಲು ಬಳಸುವುದು ಲೇಸು. ನೇರ ಪೈಪಿಗೆ ಚೆಂದವಾಗಿ ಹಾಕಿ ವಾಲ್ವುಗಳನ್ನು ಬೆತ್ತಲೆ ಬಿಡುವುದು ನಮ್ಮಲ್ಲಿ ಮಾಮೂಲಿ.

ಬಿಸಿ ಪೈಪಿನ ಶತ್ರು ನಮ್ಮ ಕಡೆ ಚಳಿಯಲ್ಲ, ಬಿಸಿಲು. ನೈಟ್ರೈಲ್ ರಬ್ಬರ್ 105 ಡಿಗ್ರಿಯವರೆಗಿನ ಶಾಖ ತಡೆಯುತ್ತದೆ, ಆದರೆ ನೇರ ಬಿಸಿಲಿಗೆ ಒಡ್ಡಿದರೆ ಒಂದೆರಡು ಬೇಸಿಗೆಯಲ್ಲಿ ಮೇಲ್ಮೈ ಸೀಳಿ, ಉಜ್ಜಿದರೆ ಕಪ್ಪು ಪುಡಿ ಉದುರುತ್ತದೆ. ತಾರಸಿಯ ಭಾಗಕ್ಕೆ ಅಲ್ಯೂಮಿನಿಯಂ ತಗಡಿನ ಅಂಗಿಯೋ, ಬಣ್ಣ ಬಳಿದ ಕ್ಯಾನ್ವಾಸೋ, ಬಿಸಿಲು ತಡೆಯುವ ಲೇಪನವೋ ಬೇಕೇ ಬೇಕು. ದೊಡ್ಡ ವಾಣಿಜ್ಯ ಕಟ್ಟಡಗಳಿಗೆಂದು 2007ರಲ್ಲಿ ಬಂದು 2017ರಲ್ಲಿ ಪರಿಷ್ಕೃತವಾದ ಕೇಂದ್ರದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯೂ ಬಯಲಿನ ಹೊದಿಕೆಗೆ ಇಂಥದ್ದೇ ರಕ್ಷಣೆ ಕೇಳುತ್ತದೆ. ಮನೆಗೆ ಆ ಸಂಹಿತೆ ಅನ್ವಯಿಸದಿದ್ದರೂ ಹಿಂದೂಪುರದ ಏಪ್ರಿಲ್ ಬಿಸಿಲು ಮನೆ, ಕಟ್ಟಡ ಎಂದು ಭೇದ ಮಾಡುವುದಿಲ್ಲ. ಸೋಲಾರ್ ಗಾಜಿನ ಕೊಳವೆಗಳಿಂದ ಹೊರಡುವ ಮೊದಲ ಒಂದೆರಡು ಮೀಟರಿನಲ್ಲಿ, ಯಾರೂ ನೀರು ಬಳಸದ ದಿನ, ನೀರು ಕುದಿಯುವ ಮಟ್ಟಕ್ಕೆ ಹೋಗಬಹುದು. ಅಲ್ಲಿ ಅಗ್ಗದ ಬಿಳಿ ಪಾಲಿಥೀನ್ ಫೋಮು ಕುಗ್ಗಿ ಸೀಳುತ್ತದೆ, ಥರ್ಮಾಕೋಲ್ ಕರಗಿ ಮುದುಡುತ್ತದೆ. ಆ ತುಂಡಿಗೆ ಮಾತ್ರ ಹೆಚ್ಚು ಶಾಖ ತಾಳುವ ಇಪಿಡಿಎಂ ರಬ್ಬರ್ ಹಾಕಿಸಿ, ಮುಂದಕ್ಕೆ ನೈಟ್ರೈಲ್ ಅಥವಾ ಎಕ್ಸ್‌ಎಲ್‌ಪಿಇ ಫೋಮು ನಡೆಯುತ್ತದೆ. ರಬ್ಬರ್ ಅಂಟಿಸುವ ಗೋಂದನ್ನು ಸಿಪಿವಿಸಿ ಪೈಪಿಗೆ ತಾಗಿಸಬೇಡಿ. ಅದರಲ್ಲಿರುವ ದ್ರಾವಕ ಪೈಪನ್ನು ಒಳಗಿಂದೊಳಗೆ ಬಿರುಕುಗೊಳಿಸಬಲ್ಲದು. ರಬ್ಬರನ್ನು ರಬ್ಬರಿಗೆ ಮಾತ್ರ ಅಂಟಿಸಿ.

ತಣ್ಣನೆಯ ಪೈಪಿಗೆ ಬಂದರೆ, ಹೊದಿಕೆ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯದೇ: ಅದು ನಿಜವಾಗಿ ಬೆವರುತ್ತಿದೆಯೇ? ಗಾಳಿಯಲ್ಲಿರುವ ತೇವ ನೀರಾಗಿ ಕೂರುವುದು ಪೈಪಿನ ಮೇಲ್ಮೈ ಆ ಗಾಳಿಯ ಇಬ್ಬನಿ ಮಟ್ಟಕ್ಕಿಂತ ತಣ್ಣಗಿದ್ದಾಗ ಮಾತ್ರ. ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ, ತೇವ ಶೇಕಡಾ 25 ಇದ್ದರೆ ಆ ಮಟ್ಟ 15 ಡಿಗ್ರಿಯ ಸುತ್ತ. ಈ ಸೀಮೆಗೆ ಮಳೆ ತರುವ ಸೆಪ್ಟೆಂಬರಿನ ಒಂದು ಸಂಜೆ 28 ಡಿಗ್ರಿ, ಶೇಕಡಾ 70 ತೇವ ಇದ್ದರೆ 22 ಡಿಗ್ರಿ. ಕೊಳವೆಬಾವಿಯಿಂದ ಬರುವ ನೀರು ಇದಕ್ಕಿಂತ ಬೆಚ್ಚಗಿರುತ್ತದೆ, ತಾರಸಿ ಟ್ಯಾಂಕಿನದು ಆ ಕಾಲದಲ್ಲಿ ಇಷ್ಟು ತಣ್ಣಗಾಗುವುದು ಅಪರೂಪ, ಚಳಿಗಾಲದಲ್ಲಿ ತಣ್ಣಗಾದರೂ ಆಗ ಗಾಳಿಯೇ ಒಣಗಿರುತ್ತದೆ. ಹಾಗಾಗಿ ಹಿಂದೂಪುರ, ಕಲ್ಯಾಣದುರ್ಗಗಳಲ್ಲಿ ಮಾಮೂಲಿ ನಲ್ಲಿ ನೀರಿನ ಪೈಪು ಬೆವರಿ ತೊಟ್ಟಿಕ್ಕುವುದು ಇಲ್ಲವೆನ್ನುವಷ್ಟು ಕಡಿಮೆ. ‘ತಣ್ಣೀರು ಪೈಪು ಬೆವರುತ್ತಿದೆ’ ಎಂದು ಯಾರಾದರೂ ಅದಕ್ಕೆ ಹೊದಿಕೆ ಸುತ್ತಿದರೆ ಒಂದು ಸೋರಿಕೆಯನ್ನು ಕಣ್ಣಿಗೆ ಕಾಣದಂತೆ ಮುಚ್ಚಿದರು ಎಂದೇ ಅರ್ಥ.

ಬೆವರೋ ಸೋರಿಕೆಯೋ ತಿಳಿಯಲು ಈ ಸೀಮೆಯ ಗಡಸು ನೀರೇ ಸಾಕ್ಷಿ ಹೇಳುತ್ತದೆ. ಸೋರಿದ ಜಾಗದಲ್ಲಿ ನೀರು ಆರಿದ ಮೇಲೆ ಬಿಳಿ ಉಪ್ಪು ಕಟ್ಟಿರುತ್ತದೆ. ಬೆವರು ಗಾಳಿಯಿಂದ ಇಳಿದ ಶುದ್ಧ ನೀರು, ಕಲೆ ಬಿಟ್ಟೀತು, ಉಪ್ಪು ಬಿಡದು. ಆರ್‌ಒ ನೀರು ಅಳೆಯುವ ಟಿಡಿಎಸ್ ಮೀಟರ್ ಮನೆಯಲ್ಲಿದ್ದರೆ ಇನ್ನೂ ಸುಲಭ. ಪೈಪಿನ ಮೇಲಿಂದಲೇ ಹನಿ ಹಿಡಿದು ಅಳೆಯಿರಿ, ಸೀಲಿಂಗಿನ ಮೂಲಕ ಇಳಿದ ಹನಿ ಬೇಡ, ಅದು ದಾರಿಯಲ್ಲಿ ಧೂಳು, ಜಿಪ್ಸಂ ಕಲೆಸಿಕೊಂಡಿರುತ್ತದೆ. ಅಂಕಿ ನಲ್ಲಿ ನೀರಿನಷ್ಟೇ ಬಂದರೆ ಸೋರಿಕೆ, ತೀರ ಕಡಿಮೆ ಬಂದರೆ ಬೆವರು. ಮೀಟರ್ ಇಲ್ಲದಿದ್ದರೆ ಪೈಪನ್ನು ಒಣಗಿಸಿ ಒಂದು ಸುತ್ತು ಪೇಪರ್ ಸುತ್ತಿ ನೋಡಿ. ಉದ್ದಕ್ಕೂ ಒಂದೇ ಸಮ ನೆನೆದರೆ ಬೆವರು, ಒಂದು ಜಾಯಿಂಟಿನ ಬಳಿ ಮಾತ್ರ ನೆನೆದರೆ ಸೋರಿಕೆ. ಎಸಿ ನಿಲ್ಲಿಸಿದ ದಿನವೂ ಹನಿ ನಿಲ್ಲದಿದ್ದರೆ ಅದು ಎಸಿಯ ತಪ್ಪೇ ಅಲ್ಲ.

ನಿಜವಾಗಿ ಬೆವರುವವು ಬೇರೆ ಪೈಪುಗಳು: ಸ್ಪ್ಲಿಟ್ ಎಸಿಯಿಂದ ಹೊರಗಿನ ಯೂನಿಟ್ಟಿಗೆ ಮರಳುವ ದಪ್ಪ ತಾಮ್ರದ ಪೈಪು, ಎಸಿಯೊಳಗಿನ ನೀರು ಹೊರಹೋಗುವ ಡ್ರೇನ್ ಪೈಪು, ಹಾಲು ತಣಿಸುವ ಕೇಂದ್ರಗಳ, ಹಿಂದೂಪುರದಲ್ಲಿ ಹುಣಸೆಹಣ್ಣು ಇಡುವಂಥ ಕೋಲ್ಡ್ ಸ್ಟೋರೇಜುಗಳ ತಣ್ಣನೆಯ ಪೈಪುಗಳು. ‘ನಮ್ಮದು ಒಣ ಸೀಮೆ, ಮಂಗಳೂರಿನವರಿಗೆ ಬೇಕು, ನಮಗೇಕೆ’ ಎಂಬ ಆಕ್ಷೇಪಕ್ಕೆ ಲೆಕ್ಕವೇ ಉತ್ತರ ಕೊಡಲಿ. ಕಲ್ಯಾಣದುರ್ಗದ ಒಂದು ಕ್ಲಿನಿಕ್ಕಿನಲ್ಲಿ 16 ಮಿ.ಮೀ. ತಾಮ್ರದ ಪೈಪು ಎಸಿ ಇಲ್ಲದ ಓಣಿಯ ಮೂಲಕ ಹೊರಗೆ ಹೋಗುತ್ತದೆ, ಪೈಪು 6 ಡಿಗ್ರಿ, ಗಾಳಿ ಮೇಲೆ ಹೇಳಿದ ಸೆಪ್ಟೆಂಬರಿನದು ಎಂದಿಟ್ಟುಕೊಳ್ಳಿ. ಬರಿ ಪೈಪು ಸುರಿಸುತ್ತದೆ, ಬೇಸಿಗೆಯಲ್ಲೂ ಅಷ್ಟೆ. 9 ಮಿ.ಮೀ. ನೈಟ್ರೈಲ್ ಹಾಕಿದರೆ ಅದರ ಹೊರಮೈ 22 ಡಿಗ್ರಿಗೆ ಕೂದಲೆಳೆಯಷ್ಟು ಮೇಲೆ ನಿಲ್ಲುತ್ತದೆ, ಅಂದರೆ ಇನ್ನೂ ತೇವದ ದಿನ ಬಂದರೆ ಬೆವರಿತು. 13 ಮಿ.ಮೀ. ಹಾಕಿದರೆ 24 ಡಿಗ್ರಿ, ನೆಮ್ಮದಿ. ಅದೇ ಪೈಪು ಮಂಗಳೂರಿನಲ್ಲಿ 30 ಡಿಗ್ರಿ, ಶೇಕಡಾ 85 ತೇವದ ಗಾಳಿಯಲ್ಲಿ 19 ಮಿ.ಮೀ. ಹಾಕಿದರೂ ಒದ್ದೆಯಾಗುತ್ತದೆ, 25 ಬೇಕು. ಒಣ ಸೀಮೆಯ ಲಾಭ ಇಷ್ಟೇ: ಹೊದಿಕೆ ಬೇಡವೆಂದಲ್ಲ, ಅರ್ಧ ದಪ್ಪ ಸಾಕು. ಸೆಕೆಗಾಲ ನೋಡಿ ದಪ್ಪ ನಿಶ್ಚಯಿಸುವುದೂ ತಪ್ಪು. ಮೇ ತಿಂಗಳಲ್ಲಿ 9 ಮಿ.ಮೀ. ಹೊದಿಕೆ ಒಣಗಿಯೇ ಇರುತ್ತದೆ, ಮೇಸ್ತ್ರಿ ದುಡ್ಡು ತೆಗೆದುಕೊಂಡು ಹೋಗಿರುತ್ತಾನೆ, ಸೆಪ್ಟೆಂಬರಿನಲ್ಲಿ ಹನಿ ಶುರುವಾಗುತ್ತದೆ.

ಈ ಲೆಕ್ಕಕ್ಕೆ ಒಂದು ತಿದ್ದುಪಡಿ ಇದೆ. ಹೊದಿಕೆಯ ಹೊರಮೈಯನ್ನು ಬೆಚ್ಚಗಿಡುವುದು ಸುತ್ತ ಆಡುವ ಗಾಳಿ. ಫಾಲ್ಸ್ ಸೀಲಿಂಗಿನೊಳಗೆ ಗಾಳಿ ನಿಂತಿರುವುದರಿಂದ ಅದೇ 13 ಮಿ.ಮೀ. ಹೊದಿಕೆಯ ಮೈ 22 ಡಿಗ್ರಿಯ ಅಂಚಿಗೆ ಇಳಿಯುತ್ತದೆ. ಪೈಪು ಗೋಡೆಗೆ ಒತ್ತಿಕೊಂಡು ಹೋದರೂ, ನಾಲ್ಕಾರು ಪೈಪುಗಳನ್ನು ಒಂದೇ ಕಟ್ಟು ಕಟ್ಟಿದರೂ ಹೀಗೆಯೇ. ಅಂಥ ಕಡೆ 19 ಮಿ.ಮೀ. ತೆಗೆದುಕೊಳ್ಳಿ. ಹೊಳೆಯುವ ಅಲ್ಯೂಮಿನಿಯಂ ಹಾಳೆಯ ವಿಷಯದಲ್ಲಂತೂ ಬಿಸಿ ಮತ್ತು ತಣ್ಣನೆಯ ಪೈಪುಗಳು ಎದುರುಬದುರು ನಿಲ್ಲುತ್ತವೆ. ಬಿಸಿ ಪೈಪಿನ ಮೇಲೆ ಹೊಳಪು ಒಳ್ಳೆಯದು, ಶಾಖ ಕಡಿಮೆ ಹೊರಸೂಸುತ್ತದೆ. ತಣ್ಣನೆಯ ಪೈಪಿನ ಮೇಲೆ ಅದೇ ಹೊಳಪು ಸುತ್ತಲಿನ ಗೋಡೆ, ಸೀಲಿಂಗುಗಳಿಂದ ಬರುವ ಶಾಖವನ್ನು ಹಿಂದಕ್ಕೆ ಕಳಿಸಿ ಮೈಯನ್ನು ಇನ್ನಷ್ಟು ತಣ್ಣಗೆ ಮಾಡುತ್ತದೆ. ಕಪ್ಪು ಮೈಗೆ 13 ಸಾಕಾದ ಕಡೆ ಹೊಳೆಯುವ ಮೈಗೆ 19 ಬೇಕಾಗಬಹುದು. ಚೆಂದಕ್ಕೆಂದು ಫಾಯಿಲ್ ಟೇಪು ಸುತ್ತಿದ ಮೇಲೆ ಹನಿ ಶುರುವಾಯಿತು ಎಂಬ ದೂರಿಗೆ ಇದೇ ಕಾರಣ.

ಇಷ್ಟಾದ ಮೇಲೂ ತೊಟ್ಟಿಕ್ಕುವ ಪೈಪುಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ದಪ್ಪವನ್ನಲ್ಲ, ಸಂದನ್ನು. ನೈಟ್ರೈಲ್ ರಬ್ಬರಿನ ಗುಳ್ಳೆಗಳು ಒಂದಕ್ಕೊಂದು ತೆರೆದುಕೊಂಡಿಲ್ಲ, ತೇವ ಅದರ ಮೂಲಕ ಹಾಯುವುದು ಅತಿ ನಿಧಾನ. ಅದಕ್ಕೇ ತಣ್ಣನೆಯ ಪೈಪಿಗೆ ಅದು ತಕ್ಕ ವಸ್ತು. ಗ್ಲಾಸ್ ವೂಲ್ ಹಾಗಲ್ಲ, ಗಾಳಿ ಅದರ ನಡುವೆ ಸಲೀಸಾಗಿ ಓಡಾಡುತ್ತದೆ, ಮೇಲೆ ತೇವ ತಡೆಯುವ ಪೊರೆ ಒಂದು ಕಡೆ ಹರಿದರೂ ಒಳಗೆ ಹಿಂಡಿದರೆ ನೀರು ಬರುವಂತಾಗುತ್ತದೆ. ಗೋಣಿಚೀಲ, ಬಟ್ಟೆ ಸುತ್ತುವುದಂತೂ ಪೈಪಿಗೆ ಒದ್ದೆ ಬಟ್ಟೆ ಉಡಿಸಿದಂತೆ. ಆದರೆ ಎಷ್ಟೇ ಒಳ್ಳೆಯ ರಬ್ಬರಾದರೂ ಸೀಳಿ ಹಾಕಿದ ಗೆರೆಯನ್ನು, ತುದಿಗಳನ್ನು ಬರಿ ಟೇಪಿನಿಂದ ಮುಚ್ಚಿದರೆ ಕೆಲವು ತಿಂಗಳಲ್ಲಿ ಟೇಪು ಬಿಚ್ಚುತ್ತದೆ. ಎರಡೂ ಮೈಗೆ ತೆಳುವಾಗಿ ರಬ್ಬರ್ ಗೋಂದು ಹಚ್ಚಿ, ಬೆರಳಿಗೆ ಅಂಟದಷ್ಟು ಆರುವವರೆಗೆ ಐದಾರು ನಿಮಿಷ ಬಿಟ್ಟು, ಆಮೇಲೆ ಒತ್ತಬೇಕು. ಕೊಳವೆಯನ್ನು ಎಳೆದು ಕೂಡಿಸಬಾರದು, ಒಂದಿಷ್ಟು ಉದ್ದವಾಗಿಯೇ ಕತ್ತರಿಸಿ ಒತ್ತಿ ಕೂಡಿಸಬೇಕು, ಇಲ್ಲದಿದ್ದರೆ ರಬ್ಬರ್ ಕುಗ್ಗಿದಾಗ ಜಾಯಿಂಟ್ ಬಾಯಿ ಬಿಡುತ್ತದೆ. ಗೋಂದು ಪೂರ್ತಿ ಹಿಡಿಯಲು ಒಂದು ದಿನ ಎಸಿ ಹಾಕದಿರುವುದು ಒಳ್ಳೆಯದು. ತಾಮ್ರದ ಪೈಪಿನಲ್ಲಿ ಪ್ರತಿ ತುಂಡಿನ ತುದಿಯನ್ನೂ ಪೈಪಿಗೇ ಅಂಟಿಸಿಬಿಟ್ಟರೆ ಒಂದು ಕಡೆ ಹೊಕ್ಕ ತೇವ ಮುಂದಿನ ತುಂಡಿಗೆ ದಾಟದು. ಪೈಪು ಕಟ್ಟುವ ಕ್ಲಾಂಪು ಇನ್ನೊಂದು ದುರ್ಬಲ ಜಾಗ. ಹೊದಿಕೆಯ ಮೇಲೆ ಕ್ಲಾಂಪು ಬಿಗಿದರೆ 13 ಮಿ.ಮೀ. ರಬ್ಬರ್ ಅಲ್ಲಿ ನಾಲ್ಕು ಮಿ.ಮೀ.ಗೆ ಅಮುಕಿಹೋಗಿ ಅಲ್ಲಿಂದಲೇ ಹನಿ ಬೀಳುತ್ತದೆ. ಹೊದಿಕೆಯಷ್ಟೇ ದಪ್ಪದ ಮರದ ಅಥವಾ ಪಿಯುಎಫ್ ಬಿಲ್ಲೆಯನ್ನು ಪೈಪಿನ ಸುತ್ತ ಕೂರಿಸಿ, ಅದರ ಮೇಲೆ ಕ್ಲಾಂಪು ಹಾಕಬೇಕು. ಟೇಪನ್ನು ಜೋರಾಗಿ ಬಿಗಿದು ಸುತ್ತುವ ಅಭ್ಯಾಸವೂ ಹೊದಿಕೆಯ ದಪ್ಪವನ್ನು ಹೀಗೆಯೇ ತಿನ್ನುತ್ತದೆ. ಡ್ರೇನ್ ಪೈಪಿನಲ್ಲಿ ಹರಿಯುವ ನೀರೂ ತಣ್ಣಗಿರುತ್ತದೆ, ಅದಕ್ಕೆ ಸೀಲಿಂಗಿನೊಳಗೆ 9 ಮಿ.ಮೀ. ಹೊದಿಕೆ ಸಾಕು, ಆದರೆ ಹಾಕುವುದನ್ನೇ ಮರೆಯುತ್ತಾರೆ. ಅರ್ಧ ಹನಿಗಳ ಕತೆ ಅಲ್ಲಿಯೇ ಇರುತ್ತದೆ.

ಈಗಾಗಲೇ ತೊಟ್ಟಿಕ್ಕುತ್ತಿರುವ ಪೈಪಿಗೆ ಮೇಲೊಂದು ಪದರ ಸುತ್ತಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗದು. ಒಳಗೆ ಸೇರಿದ ನೀರಿಗೆ ಹೊರಹೋಗುವ ದಾರಿ ಇರುವುದಿಲ್ಲ, ನೆನೆದ ಹೊದಿಕೆ ಶಾಖ ತಡೆಯುವ ಗುಣ ಕಳೆದುಕೊಂಡಿರುತ್ತದೆ, ಒಳಗೆ ಕಬ್ಬಿಣದ ಪೈಪಿದ್ದರೆ ತುಕ್ಕು ಹಿಡಿಯುತ್ತದೆ. ಹನಿ ಬೀಳುವ ಜಾಗಕ್ಕೂ ತೇವ ಹೊಕ್ಕ ಜಾಗಕ್ಕೂ ಮೀಟರುಗಳ ಅಂತರ ಇರಬಹುದು, ಯಾಕೆಂದರೆ ನೀರು ಹೊದಿಕೆಯೊಳಗೆ ಇಳಿಜಾರಿಗೆ ಹರಿದು ಎಲ್ಲಿ ತಗ್ಗಿದೆಯೋ ಅಲ್ಲಿ ಹೊರಬರುತ್ತದೆ. ಹನಿ ಕಂಡಲ್ಲಿಂದ ಪೈಪಿನ ಏರು ದಿಕ್ಕಿಗೆ ಹೋಗುತ್ತ ಹೊದಿಕೆಯನ್ನು ಬೆರಳಿನಿಂದ ಒತ್ತಿ ನೋಡಿ. ಮೆತ್ತಗೆ, ಭಾರವಾಗಿ ಸಿಕ್ಕಷ್ಟನ್ನೂ ಕತ್ತರಿಸಿ ತೆಗೆಯಿರಿ, ಎಸಿ ನಿಲ್ಲಿಸಿ ಪೈಪನ್ನು ಬಟ್ಟೆಯಿಂದ ಒರೆಸಿ ಗಾಳಿಗೆ ಒಣಗಲು ಬಿಡಿ, ಆಮೇಲೆ ಹೊಸ ತುಂಡು ಅಂಟಿಸಿ. ಈ ಕೆಲಸಕ್ಕೆ ಫೆಬ್ರವರಿ, ಮಾರ್ಚ್ ಒಳ್ಳೆಯ ತಿಂಗಳು: ಗಾಳಿ ಒಣಗಿರುತ್ತದೆ, ಗೋಂದು ಚೆನ್ನಾಗಿ ಹಿಡಿಯುತ್ತದೆ, ಎಸಿಯನ್ನು ಒಂದು ದಿನ ನಿಲ್ಲಿಸಿದರೂ ಯಾರೂ ಗೊಣಗುವುದಿಲ್ಲ. ಮಾಡಿದವನಿಗೆ ಕೊಡಬೇಕಾದ ಹಣದಲ್ಲಿ ಸ್ವಲ್ಪವನ್ನು ಸೆಪ್ಟೆಂಬರಿನವರೆಗೆ ಉಳಿಸಿಕೊಳ್ಳುವ ಮಾತನ್ನು ಮೊದಲೇ ಆಡಿಕೊಳ್ಳಿ.